ಜರಡಿಯ ಕನೆಕ್ಟಿಂಗ್ ರಾಡ್ ಎಲ್ಲಿ ತಾಗುತ್ತದೆ? ಮೂರು ಪರೀಕ್ಷೆಗಳ ಹೋಲಿಕೆ

ಮಾಚೇನಹಳ್ಳಿಯ ನಮ್ಮ ಡ್ರಾಯಿಂಗ್ ಆಫೀಸಿನಿಂದ ಅಡಿಕೆ ಸುಲಿಯುವ ಯಂತ್ರದ ಜರಡಿ ಭಾಗ ಫ್ಯಾಬ್ರಿಕೇಶನ್‌ಗೆ ಹೋಗುವ ಮುನ್ನ SolidWorks‌ನ ಮೂರು ವಿಧಾನಗಳನ್ನು ಒಂದೇ ಅಸೆಂಬ್ಲಿ ಮೇಲೆ ನಡೆಸಿ ನೋಡಿದೆ. ಕೊನೆಕೊಯ್ಲು ಶುರುವಾದ ಮೇಲೆ ತೀರ್ಥಹಳ್ಳಿಯ ತೋಟದಲ್ಲಿ ನಿಂತ ಯಂತ್ರದ ಫ್ರೇಮ್ ಕತ್ತರಿಸುವುದು ಯಾರಿಗೂ ಬೇಡದ ಕೆಲಸ. ಹಾಗಾಗಿ ಯಾವ ಪರೀಕ್ಷೆ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಅಂತ ತಿಳಿಯಬೇಕಿತ್ತು.

ವ್ಯವಸ್ಥೆ ಸರಳ. ಕ್ರ್ಯಾಂಕ್ ತ್ರಿಜ್ಯ 25 ಮಿ.ಮೀ., ಕನೆಕ್ಟಿಂಗ್ ರಾಡ್‌ನ ಉದ್ದ 200, ರಾಡ್ ಪಟ್ಟಿಯ ಅಗಲ 20. ಜರಡಿ ನೇರ ಗೈಡ್‌ನಲ್ಲಿ ಹಿಂದೆ ಮುಂದೆ ಓಡುತ್ತದೆ. ನಡುವೆ ಫ್ರೇಮಿನ ಅಡ್ಡಪ್ಲೇಟ್ ಇದೆ. ಅದರ ಸ್ಲಾಟ್ ಮೂಲಕ ರಾಡ್ ಹಾದುಹೋಗುತ್ತದೆ. ಪ್ಲೇಟಿನ ಕ್ರ್ಯಾಂಕ್ ಕಡೆಯ ಮುಖ ಕ್ರ್ಯಾಂಕ್ ಕೇಂದ್ರದಿಂದ 97 ಮಿ.ಮೀ. ದೂರದಲ್ಲಿದೆ, ಸ್ಲಾಟಿನ ಎತ್ತರ 46.

ಮೊದಲಿಗೆ Interference Detection. ಬಟನ್ ಒತ್ತಿದರೆ ಇಡೀ ಅಸೆಂಬ್ಲಿಯ ಪಟ್ಟಿ ಬರುತ್ತದೆ. ಬೋಲ್ಟ್ ಮತ್ತು ಟ್ಯಾಪ್ ಮಾಡಿದ ತೂತುಗಳ ಜೋಡಿಗಳೇ ಪಟ್ಟಿಯನ್ನು ತುಂಬಿಬಿಡುತ್ತವೆ, ಆದ್ದರಿಂದ ಅವನ್ನು Create fasteners folder ಹಾಕಿ ಪಕ್ಕಕ್ಕೆ ಸರಿಸಿಕೊಳ್ಳಬೇಕು. ಬೇರಿಂಗ್ ಹೌಸಿಂಗಿನ ಬೋಲ್ಟ್ ತಲೆ ಫ್ರೇಮಿನ ಆ್ಯಂಗಲ್‌ಗೆ ಒತ್ತಿದೆಯೇ ಎಂಬಂಥ ಪ್ರಶ್ನೆಗೆ ಇದಕ್ಕಿಂತ ವೇಗದ ಉತ್ತರ ಇನ್ನೊಂದಿಲ್ಲ. ಆದರೆ ಮಾಡೆಲ್ ಸದ್ಯ ನಿಂತಿರುವ ಸ್ಥಾನವನ್ನು ಮಾತ್ರ ಇದು ನೋಡುತ್ತದೆ. ಕ್ರ್ಯಾಂಕನ್ನು 0, 90, 180, 270 ಡಿಗ್ರಿಗೆ ಇಟ್ಟು ನಾಲ್ಕು ಸಲ ಓಡಿಸಿದರೂ ನಮ್ಮ ರಾಡ್ ಪಾಸ್. 90ರಲ್ಲಿ ರಾಡಿನ ಅಂಚು ಮಧ್ಯರೇಖೆಯಿಂದ 22.86 ಮಿ.ಮೀ. ಮೇಲಿರುತ್ತದೆ, ಸ್ಲಾಟಿನ ಅಂಚು 23ರಲ್ಲಿದೆ. ಕೂದಲೆಳೆಯಷ್ಟಾದರೂ ಜಾಗ ಉಳಿದಿದೆ.

ನಿಜವಾದ ತೊಂದರೆ 77 ಡಿಗ್ರಿಯ ಸುತ್ತ. ಕ್ರ್ಯಾಂಕ್ ಪಿನ್ ಅತಿ ಎತ್ತರದಲ್ಲಿರುವುದು 90ರಲ್ಲೇ ನಿಜ. ಆದರೆ ಅದಕ್ಕೂ ಮುಂಚೆ ಪಿನ್ ಪ್ಲೇಟಿಗೆ ಇನ್ನೂ ಹತ್ತಿರ ಇರುತ್ತದೆ. ಪಿನ್ ಹತ್ತಿರವಾದಷ್ಟೂ ಪ್ಲೇಟಿನ ಜಾಗದಲ್ಲಿ ರಾಡ್ ಹೆಚ್ಚು ಎತ್ತರದಲ್ಲಿ ಹಾಯುತ್ತದೆ. ಲೆಕ್ಕ ಹಾಕಿದರೆ ಅಂಚು 23.22ಕ್ಕೆ ಏರುತ್ತದೆ. ಅಂದರೆ 68ರಿಂದ 87 ಡಿಗ್ರಿವರೆಗೆ ರಾಡ್ ಪ್ಲೇಟನ್ನು ಉಜ್ಜುತ್ತದೆ, ಕೆಳಗಡೆಯೂ ಅದೇ ಕಥೆ.

ಎರಡನೆಯದು Move Component ಒಳಗಿನ Collision Detection. ಕ್ರ್ಯಾಂಕನ್ನು ಮೌಸಿನಿಂದ ಎಳೆಯುತ್ತಾ ಹೋದರೆ ತಾಗಿದಲ್ಲಿ ನಿಲ್ಲುತ್ತದೆ. ನಿಧಾನವಾಗಿ ಎಳೆದಾಗ ಸರಿಯಾಗಿಯೇ ನಿಂತಿತು. ರಭಸದಿಂದ ಎಳೆದಾಗ ಆ ಕಿರಿದಾದ ಜಾಗವನ್ನು ಜಿಗಿದುಬಿಟ್ಟಿತು. ಫಲಿತಾಂಶ ಕೈಯ ಹದಕ್ಕೆ ಬಿಟ್ಟಿದ್ದಾದರೆ ಅದರ ಮೇಲೆ ಡ್ರಾಯಿಂಗ್ ರಿಲೀಸ್ ಮಾಡಲಾಗದು. All components ಬಿಟ್ಟು These components‌ನಲ್ಲಿ ರಾಡ್ ಮತ್ತು ಪ್ಲೇಟನ್ನಷ್ಟೇ ಆರಿಸಿದರೆ ಕಂಪ್ಯೂಟರ್ ತೆವಳುವುದಿಲ್ಲ. ಕ್ರ್ಯಾಂಕ್ ಮತ್ತು ರಾಡ್ ಸಬ್‌ಅಸೆಂಬ್ಲಿಯಲ್ಲಿದ್ದರೆ ಅದನ್ನು ಫ್ಲೆಕ್ಸಿಬಲ್ ಮಾಡಿಕೊಳ್ಳಬೇಕು, ಇಲ್ಲವಾದರೆ ಅಲುಗಾಡುವುದೇ ಇಲ್ಲ. ಅದೇ ಕಿಟಕಿಯ Dynamic Clearance ನನಗೆ ಹೆಚ್ಚು ಇಷ್ಟವಾಯಿತು: ಎಳೆಯುತ್ತಿರುವಾಗಲೇ ಎರಡು ಭಾಗಗಳ ನಡುವಿನ ಅಂತರ ಕಣ್ಣೆದುರೇ ಬದಲಾಗುತ್ತಿರುತ್ತದೆ.

ಮೂರನೆಯದು ಮೋಷನ್ ಸ್ಟಡಿ. ಒಂದು ಸುತ್ತು ಲೆಕ್ಕ ಮಾಡಿಸಿ, ಮೇಲಿನ ಅಸೆಂಬ್ಲಿ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ Check Interference ಕೊಡಬೇಕು. ಪ್ರತಿ ಫ್ರೇಮನ್ನೂ ಅದೇ ನೋಡಿಕೊಳ್ಳುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ವೇಗ ಮತ್ತು ಫ್ರೇಮಿನ ಸಂಬಂಧ. ಯಂತ್ರದ ನಿಜ ವೇಗ 300 ಆರ್‌ಪಿಎಂ, ಸೆಕೆಂಡಿಗೆ 5 ಸುತ್ತು. ಸೆಕೆಂಡಿಗೆ 8 ಫ್ರೇಮ್ ಇಟ್ಟರೆ ಸಿಗುವುದು 45 ಡಿಗ್ರಿಯ ಗುಣಕಗಳ ಸ್ಥಾನಗಳಷ್ಟೇ, ಮತ್ತೆ ರಾಡ್ ಪಾಸ್! ಜ್ಯಾಮಿತಿ ನೋಡಲು ನಿಜ ವೇಗದ ಅಗತ್ಯವೇ ಇಲ್ಲ. ಮೋಟರನ್ನು 6 ಆರ್‌ಪಿಎಂಗೆ ಇಳಿಸಿ, 10 ಸೆಕೆಂಡಿಗೆ ಒಂದು ಸುತ್ತು, ಸೆಕೆಂಡಿಗೆ 25 ಫ್ರೇಮ್ ಇಟ್ಟೆ. ಹೆಜ್ಜೆ 1.44 ಡಿಗ್ರಿಗೆ ಇಳಿಯಿತು; 19 ಡಿಗ್ರಿಯ ಆ ಪಟ್ಟಿ ತಪ್ಪಿಸಿಕೊಳ್ಳಲಿಲ್ಲ.

ಹಾಗಂತ ಇದೂ ಪೂರ್ತಿಯಲ್ಲ. ತಾಗಿದರೆ ಹೇಳುತ್ತದೆ, ಅರ್ಧ ಮಿ.ಮೀ. ಪಕ್ಕದಲ್ಲಿ ಹಾದುಹೋದರೆ ಸುಮ್ಮನಿರುತ್ತದೆ. ಗ್ಯಾಸ್ ಕಟಿಂಗ್, ವೆಲ್ಡಿಂಗ್‌ನಿಂದ ಸೊಟ್ಟಗಾಗುವ ಫ್ರೇಮ್, ಸವೆದ ಬುಶ್ ಎಲ್ಲ ಸೇರಿದರೆ ಅರ್ಧ ಮಿ.ಮೀ. ಏನೇನೂ ಅಲ್ಲ. ನಾನು ಪ್ರತಿ ಬದಿಗೆ 5 ಮಿ.ಮೀ. ಕೇಳುತ್ತೇನೆ. ಅದಕ್ಕೆ ರಾಡಿನ ಪರೀಕ್ಷಾ ಪ್ರತಿಯನ್ನು 30 ಮಿ.ಮೀ. ಅಗಲ ಮಾಡಿ ಅದನ್ನೇ ಮೋಷನ್ ಸ್ಟಡಿಯಲ್ಲಿ ಓಡಿಸಿದೆ. ಬೇಕಾದ ಸ್ಲಾಟ್ 56.5 ಎಂದು ಬಂತು, ಡ್ರಾಯಿಂಗಿನಲ್ಲಿ 60 ಮಾಡಿದೆ.

ಈಗ ನನ್ನ ಕ್ರಮ ಹೀಗಿದೆ: ನಿಂತ ಭಾಗಗಳಿಗೆ ಮೊದಲನೆಯದು, ವಿನ್ಯಾಸ ತಿದ್ದುತ್ತಿರುವಾಗ Dynamic Clearance, ರಿಲೀಸ್ ಸಹಿಗೆ ದಪ್ಪ ರಾಡಿನ ಮೋಷನ್ ಸ್ಟಡಿ. ವಿ-ಬೆಲ್ಟ್ ಮತ್ತು ವೈರಿಂಗ್ ಮಾತ್ರ ಮೂರರಲ್ಲೂ ಬರುವುದಿಲ್ಲ, ಓಡುವಾಗ ಅವು ಹೇಗೆ ಬಡಿದಾಡುತ್ತವೆ ಎಂಬುದು ಮಾಡೆಲಿನಲ್ಲೇ ಇಲ್ಲ. ಸ್ಲಾಟಿನಲ್ಲಿ ತುಂಬಿಕೊಳ್ಳುವ ಅಡಿಕೆ ಸಿಪ್ಪೆಯ ನಾರೂ ಅಷ್ಟೇ. ಅದನ್ನು ಮೊದಲ ಯಂತ್ರಕ್ಕೆ ಹಸಿ ಅಡಿಕೆ ಹಾಕಿ ಓಡಿಸಿಯೇ ನೋಡಬೇಕು.