ಸಾಲದ ಸಾರಾಂಶದಲ್ಲಿ ‘ಶುಲ್ಕ ಇಲ್ಲ’ ಅಂತಿದ್ದರೆ ಪಿಡಿಎಫ್ ತೆಗೆದು ನೋಡಿ

ಗೃಹಸಾಲ ಮಂಜೂರಾದಾಗ 14 ಪುಟದ ಸ್ಯಾಂಕ್ಷನ್ ಲೆಟರ್ ಪಿಡಿಎಫ್ ಬಂತು. ಜೊತೆಗೆ ಏಜೆಂಟ್ ಒಂದು ಪುಟದ ಸಾರಾಂಶ ಕಳಿಸಿದರು. ‘ಬಡ್ಡಿ 9%, ಫಿಕ್ಸೆಡ್. ಅವಧಿಗೆ ಮುಂಚೆ ಕಟ್ಟಿದರೆ ಶುಲ್ಕ ಇಲ್ಲ.’ ಓದೋಕೆ ಹಿತವಾಗಿತ್ತು.

ಸಾಲ 30 ಲಕ್ಷ, 15 ವರ್ಷಕ್ಕೆ. ಎರಡು ವರ್ಷ ಕಂತು ಕಟ್ಟಿದ ಮೇಲೆ ಅಸಲು ಸುಮಾರು 28 ಲಕ್ಷ ಉಳಿದಿತ್ತು. ಕಡಿಮೆ ಬಡ್ಡಿಗೆ ಬೇರೆ ಕಡೆ ಸಾಲ ವರ್ಗಾಯಿಸಲು ಹೊರಟಾಗ 2% ಶುಲ್ಕ ಕೇಳಿದರು. ಅಂದರೆ 56 ಸಾವಿರ, ಅದರ ಮೇಲೆ 18% ತೆರಿಗೆ. ಒಟ್ಟು 66 ಸಾವಿರಕ್ಕೂ ಜಾಸ್ತಿ!

ಏಜೆಂಟ್ ಪೂರ್ತಿ ಸುಳ್ಳು ಬರೆದಿರಲಿಲ್ಲ, ಅದೇ ಬೇಜಾರು. ಪತ್ರದಲ್ಲಿ prepayment ಅಂತ ಹುಡುಕಿದರೆ 4ನೇ ಪುಟದಲ್ಲಿ ಶುಲ್ಕ ‘Nil’ ಅಂತಲೇ ಇದೆ. ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಅದರ ವಿವರಣೆ ಇದ್ದದ್ದು ಕೊನೆಯ ಅನುಬಂಧದಲ್ಲಿ, foreclosure ಅನ್ನೋ ತಲೆಬರಹದ ಕೆಳಗೆ: ಸ್ವಂತ ಹಣದಿಂದ ತೀರಿಸಿದರೆ ಮಾತ್ರ ಶುಲ್ಕ ಇಲ್ಲ. ಫಿಕ್ಸೆಡ್ ಅವಧಿಯಲ್ಲಿ ಬೇರೆ ಸಂಸ್ಥೆಯ ಸಾಲದಿಂದ ತೀರಿಸಿದರೆ ಬಾಕಿ ಅಸಲಿನ ಮೇಲೆ 2%. ಆ ಅನುಬಂಧ ಸ್ಕ್ಯಾನ್ ಮಾಡಿದ ಚಿತ್ರ ಬೇರೆ. ಹಾಗಾಗಿ ಪಿಡಿಎಫ್‌ನಲ್ಲಿ ಏನು ಟೈಪ್ ಮಾಡಿ ಹುಡುಕಿದರೂ ಅದು ಸಿಗಲ್ಲ.

‘ಫಿಕ್ಸೆಡ್’ ಕಥೆಯೂ ಇದೇ. ಫಿಕ್ಸೆಡ್ ಇದ್ದದ್ದು ಮೊದಲ 36 ತಿಂಗಳಿಗೆ ಮಾತ್ರ, ಆಮೇಲೆ ಅದು ಏರಿಳಿಯುವ ಬಡ್ಡಿ.

ಸಾರಾಂಶ ಯಾರೇ ಮಾಡಿಕೊಡಲಿ, ಪ್ರತಿ ಸಾಲಿನ ಪಕ್ಕ ಪುಟ ಮತ್ತು ಷರತ್ತಿನ ಸಂಖ್ಯೆ ಕೇಳಿ. ಪತ್ರದ ಮೂಲ ವಾಕ್ಯವನ್ನೂ ಹಾಗೇ ಹಾಕಿಸಿ. ಬಡ್ಡಿ ಅಂದರೆ ಬರೀ ಶೇಕಡಾ ಸಾಲದು, ಎಲ್ಲಿಯವರೆಗೆ, ಆಮೇಲೆ ಯಾವುದರ ಮೇಲೆ ಎಷ್ಟು ಅಂತ ಇರಬೇಕು. ಶುಲ್ಕ ಅಂದರೆ ಯಾವ ಮೊತ್ತದ ಮೇಲೆ, ತೆರಿಗೆ ಸೇರಿದೆಯಾ, ಸಾಲದ ಹಣದಲ್ಲೇ ಹಿಡಿದುಕೊಳ್ತಾರಾ ಅಂತ ಬರಲಿ. ಮುಂಚಿತ ಪಾವತಿಯನ್ನು ಮೂರಾಗಿ ಒಡೆದು ಕೇಳಿ: ಸ್ವಲ್ಪ ಕಟ್ಟಿದರೆ, ಪೂರ್ತಿ ಸ್ವಂತ ಹಣದಲ್ಲಿ ತೀರಿಸಿದರೆ, ವರ್ಗಾಯಿಸಿದರೆ. ನನ್ನ ಸಾರಾಂಶದಲ್ಲಿ ಈ ಮೂರನ್ನೂ ಒಂದೇ ಸಾಲಿಗೆ ತುರುಕಿದ್ದರು. ಪತ್ರದಲ್ಲಿ ಏನೂ ಸಿಗದ ಕಡೆ ‘ಇಲ್ಲ’ ಅಂತ ಬರೆಯೋದು ಬೇಡ, ‘ಪತ್ರದಲ್ಲಿ ಹೇಳಿಲ್ಲ’ ಅಂತಿರಲಿ. ಎರಡೂ ಒಂದೇ ಅಲ್ಲ ಅಲ್ವಾ? ಅಂಥ ಪ್ರಶ್ನೆಗಳಿಗೆ ಸಹಿಗೆ ಮುಂಚೆ ಸಾಲ ಕೊಡುವವರಿಂದಲೇ ಇಮೇಲ್‌ನಲ್ಲಿ ಉತ್ತರ ತರಿಸಿ. ಏಜೆಂಟ್ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

ಸಾಲಗಾರನ ಹೊಣೆಗಳ ಬಗ್ಗೆ ಸಾರಾಂಶದಲ್ಲಿ ಇದ್ದದ್ದು ‘ಸಾಮಾನ್ಯ ಷರತ್ತುಗಳು ಅನ್ವಯ’ ಅನ್ನೋ ಮೂರೇ ಪದ. ಪತ್ರದಲ್ಲಿ ಅವಕ್ಕೆ ಎರಡು ಪುಟ: ಮನೆಯ ವಿಮೆ ಪ್ರತಿವರ್ಷ ನವೀಕರಿಸಿ ಪ್ರತಿ ಕೊಡಬೇಕು, ಕೆಲಸ ಬದಲಾದರೆ ತಿಳಿಸಬೇಕು, ಅನುಮತಿ ಇಲ್ಲದೆ ಮನೆ ಬಾಡಿಗೆಗೆ ಕೊಡಬಾರದು. ವಿಮೆಯ ಪ್ರತಿ ಕೊಡದ ತಿಂಗಳುಗಳಿಗೆ ದಂಡ ಹಾಕಿದ್ದು ಗೊತ್ತಾಗಿದ್ದೂ ವರ್ಗಾವಣೆಗೆ ಲೆಕ್ಕದ ಪತ್ರ ತೆಗೆಸಿದಾಗಲೇ.