ಮೂರು ತ್ರಿಕೋನ: ನನಗೆ ಯಾವುದು ಹೊಂದಿತು

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ನಮ್ಮದು ತೊಗರಿ ವ್ಯಾಪಾರ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಶೇರಿನ ದಿನದ ಚಾರ್ಟ್ ನೋಡುತ್ತೇನೆ. ದರದ ಮೇಲಿನ ತುದಿಗಳಿಗೊಂದು, ಕೆಳಗಿನ ತುದಿಗಳಿಗೊಂದು ಗೆರೆ ಎಳೆದಾಗ ಎರಡೂ ಹತ್ತಿರವಾಗುತ್ತಾ ಬಂದರೆ ಅದು ತ್ರಿಕೋನ, ಅಂದರೆ ಟ್ರಯಾಂಗಲ್. ಅಸೆಂಡಿಂಗ್, ಡಿಸೆಂಡಿಂಗ್, ಸಿಮೆಟ್ರಿಕಲ್ ಎಂಬ ಮೂರೂ ಬಗೆಯಲ್ಲಿ ದುಡ್ಡು ಹಾಕಿ ನೋಡಿದ್ದೇನೆ.

ನನಗೆ ಜಾಸ್ತಿ ಹೊಂದಿದ್ದು ಅಸೆಂಡಿಂಗ್. ಮೇಲಿನ ಗೆರೆ ಸಪಾಟು, ಕೆಳಗಿನ ಗೆರೆ ಏರುತ್ತಾ ಬರುತ್ತದೆ. ಒಂದು ಶೇರು ಮೂರು ಸಲ 240ಕ್ಕೆ ಹೋಗಿ ವಾಪಸ್ ಬಂತು. ಆದರೆ ಇಳಿದಿದ್ದು ಮೊದಲು 210ಕ್ಕೆ, ಆಮೇಲೆ 222ಕ್ಕೆ, ಕೊನೆಗೆ 231ಕ್ಕೆ ಮಾತ್ರ. ಗಂಜಿನಲ್ಲೂ ಹೀಗೇ ಅಲ್ವಾ? ಮಾರುವವರು ಒಂದೇ ದರಕ್ಕೆ ನಿಂತಾಗ, ಮಾಲು ಬೇಕಾದವರು ಪ್ರತಿ ಸಲ ಸ್ವಲ್ಪ ಜಾಸ್ತಿ ಕೊಟ್ಟು ಎತ್ತುತ್ತಾರೆ. 240ರಲ್ಲಿ ಮಾರುವವರ ಮಾಲು ಖಾಲಿಯಾದರೆ ದರ ಮೇಲೆ ಹೋಗಬೇಕು.

ಒಂದು ದಿನ ದರ 243 ಮುಟ್ಟಿತು. ಕೊಳ್ಳಲು ಕೈ ಚಾಚಿದ್ದೆ. ಪಕ್ಕದಲ್ಲಿದ್ದ ಕಾಕಾ, "ಮೂರೂವರೆ ಆಗಲಿ ತಮ್ಮಾ, ಕ್ಲೋಸಿಂಗ್ ನೋಡು" ಎಂದರು. ಅವತ್ತು ಮುಗಿದಿದ್ದು 238ಕ್ಕೆ! ಎರಡು ದಿನ ಬಿಟ್ಟು 245ಕ್ಕೆ ಮುಗಿಯಿತು. ವಾಲ್ಯೂಮ್, ಅಂದರೆ ಅವತ್ತು ಕೈ ಬದಲಾದ ಶೇರುಗಳ ಲೆಕ್ಕ, 20 ದಿನದ ಸರಾಸರಿಯ ಎರಡರಷ್ಟು. ಆಗ ಕೊಂಡೆ, ದರ 231ರ ಕೆಳಗೆ ಬಿದ್ದರೆ ಮಾರಿ ಹೊರಬರಲು ಅಲ್ಲಿ ಸ್ಟಾಪ್‌ಲಾಸ್ ಇಟ್ಟೆ. 240ರಿಂದ 210 ಕಳೆದರೆ ತ್ರಿಕೋನದ ಎತ್ತರ 30, ಅದನ್ನು 240ಕ್ಕೆ ಕೂಡಿಸಿದರೆ ಗುರಿ 270. ದರ 241ರ ತನಕ ಹಿಂದೆ ಬಂದು, ಅಲ್ಲಿಂದ 266ಕ್ಕೆ ಹೋಗಿ ನಿಂತಿತು. ಗುರಿ ಎಂದರೆ ಅಂದಾಜು, ಅಷ್ಟೇ.

ಡಿಸೆಂಡಿಂಗ್ ಇದರ ಉಲ್ಟಾ. ತಳ ಸಪಾಟು, ಮೇಲಿನ ಗೆರೆ ಇಳಿಯುತ್ತದೆ. ಇಲ್ಲಿ ವಾಲ್ಯೂಮ್‌ಗೆ ಕಾಯುತ್ತಾ ಕೂರಬಾರದು. ಕೊಳ್ಳುವವರು ಹಿಂದೆ ಸರಿದರೆ ಸಾಕು, ಕಡಿಮೆ ವಾಲ್ಯೂಮ್‌ನಲ್ಲೂ ದರ ಬೀಳುತ್ತದೆ. ಕೈಲಿಲ್ಲದ ಶೇರನ್ನು ಮೊದಲು ಮಾರಿ, ದರ ಬಿದ್ದ ಮೇಲೆ ಕೊಳ್ಳುವುದಕ್ಕೆ ಶಾರ್ಟ್ ಅನ್ನುತ್ತಾರೆ. ನಮ್ಮಲ್ಲಿ ಕ್ಯಾಶ್ ಮಾರ್ಕೆಟ್‌ನಲ್ಲಿ ಶಾರ್ಟ್ ಮಾಡಿದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ನನಗೆ ಇದು ಕೈಲಿರುವ ಶೇರು ಮಾರಲು ಬರುವ ಸೂಚನೆ ಮಾತ್ರ.

ನನಗೆ ನೋವು ಕೊಟ್ಟಿದ್ದು ಸಿಮೆಟ್ರಿಕಲ್. ಎರಡೂ ಗೆರೆ ಒಂದರ ಕಡೆ ಒಂದು ವಾಲುತ್ತವೆ, ಯಾರ ಕೈ ಮೇಲೆಂದು ಆಕಾರ ಹೇಳುವುದಿಲ್ಲ. ದರ ಮೊದಲು ಹೋಗುತ್ತಿದ್ದ ಕಡೆಗೇ ಗೆರೆ ಒಡೆದು ಆಚೆ ಹೋಗುವುದು ಹೆಚ್ಚು ಅನ್ನುತ್ತಾರೆ. ನಾನು ನೋಡಿದ ಶೇರು 380ರಿಂದ ಏರಿ ಬಂದಿತ್ತು. ಮೇಲಿನ ತುದಿಗಳು 500, 488, 478. ಕೆಳಗಿನವು 440, 452, 461. ಮೇಲೇ ಹೋಗುತ್ತದೆ ಎಂದು ನಂಬಿ, ಒಡೆಯುವ ಮೊದಲೇ 470ಕ್ಕೆ ಕೊಂಡೆ. ಎರಡು ದಿನಕ್ಕೆ ಕೆಳಗಿನ ಗೆರೆ ಒಡೆದು 457ಕ್ಕೆ ಮುಗಿಯಿತು. ಮರುದಿನ 455ಕ್ಕೆ ಮಾರಿ ಹೊರಬಂದೆ.

ಆಮೇಲೆ ಚಾರ್ಟ್ ಮತ್ತೆ ನೋಡಿದಾಗ ಇನ್ನೊಂದು ತಪ್ಪು ಕಂಡಿತು. ತ್ರಿಕೋನ ಶುರುವಾದ ದಿನದಿಂದ ಎಣಿಸಿದರೆ ಗೆರೆಗಳು ಸೇರುವುದು ಸುಮಾರು 35ನೇ ದಿನಕ್ಕೆ, ನಾನು ಕೊಂಡಿದ್ದು 29ನೇ ದಿನ. ಅರ್ಧ ದಾರಿಯಿಂದ ಮುಕ್ಕಾಲು ದಾರಿಯೊಳಗೆ ಒಡೆದರೆ ಬಲ ಇರುತ್ತದೆ. ತುದಿಯ ಹತ್ತಿರ ಹೋದಷ್ಟೂ ದರ ಗೆರೆಯನ್ನು ಸುಮ್ನೆ ಆಚೆ ಈಚೆ ದಾಟುತ್ತದೆ. ಈಗ ಸಿಮೆಟ್ರಿಕಲ್ ಕಂಡರೆ ಮೊದಲು ದಿನ ಎಣಿಸುತ್ತೇನೆ. ಮುಕ್ಕಾಲು ದಾಟಿದ್ದರೆ ಬಿಡುತ್ತೇನೆ. ದಾಟಿಲ್ಲದಿದ್ದರೂ ಕ್ಲೋಸಿಂಗ್ ಗೆರೆಯಾಚೆ ಆಗುವ ತನಕ ಕೊಳ್ಳುವುದಿಲ್ಲ.