ಒಸರುವ ಗೋಡೆಗೆ ಎಮಲ್ಷನ್ ಬೇಕೇ, ಡಿಸ್ಟೆಂಪರ್ ಸಾಕೇ?

ಬದಿಯಡ್ಕದ ನಮ್ಮ ಮುರಕಲ್ಲಿನ ಮನೆಗೆ ಬಣ್ಣ ಆರಿಸುವ ಮೊದಲು ಮಳೆಗಾಲದಲ್ಲೇ ಒಂದು ಪರೀಕ್ಷೆ ಮಾಡಿದೆ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆ.

ಪಡುವಣ ಕೋಣೆಯಲ್ಲಿ ಹಾಳೆಯ ಒಳಮೈ ಬೆವರಿತ್ತು. ಅಂದರೆ ತೇವ ಗೋಡೆಯೊಳಗಿನದು. ಅಲ್ಲಿ ಎಮಲ್ಷನ್ ಬೇಡವೇ ಬೇಡ. ಅದರ ಪದರ ಆವಿಯನ್ನು ತಡೆಯುತ್ತದೆ, ಗುಳ್ಳೆಯೆದ್ದು ಪುಟ್ಟಿಯ ಸಮೇತ ಕಳಚುತ್ತದೆ. ಡಿಸ್ಟೆಂಪರ್ ಆವಿಯನ್ನು ಹೆಚ್ಚು ಹೊರಬಿಡುತ್ತದೆ. ಒರಗಿದರೆ ಅಂಗಿಗೆ ಪುಡಿ ಅಂಟುತ್ತದೆ ನಿಜ, ಆದರೆ ಕೆರೆದು ಮತ್ತೆ ಬಳಿಯಲು ಖರ್ಚು ಕಡಿಮೆ.

ಅಡುಗೆಮನೆಯಲ್ಲಿ ಹೊರಮೈ ಮಾತ್ರ ಒದ್ದೆಯಾಗಿತ್ತು. ಅದು ಗಾಳಿಯ ತೇವ. ಒರಸಬಹುದಾದ ಎಮಲ್ಷನ್ನೇ ಅಲ್ಲಿಗೆ ಸರಿ.

ಬುಡದಲ್ಲಿ ಬಿಳಿ ಉಪ್ಪು ಮೂಡಿದ ಗೋಡೆಯಲ್ಲಿ ಎರಡೂ ನಿಲ್ಲುವುದಿಲ್ಲ. ಅಲ್ಲಿ ನೆಲದಿಂದ ಏರುವ ನೀರನ್ನೇ ಮೊದಲು ತಡೆಯಬೇಕು.